ಅಳಿಸಿದ ಐದು ರೀಡಿಂಗ್‌ಗಳು

ಪ್ರಾಯೋಗಿಕ ಪರೀಕ್ಷೆಗೆ ಇನ್ನು ಎರಡು ವಾರ ಇತ್ತು. ನಮ್ಮದು ಮಲೆನಾಡಿನ ಸಣ್ಣ ಊರಿನ ಪಿಯು ಕಾಲೇಜು. ನಾನು ಅಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಅವತ್ತು ಬೆಳಿಗ್ಗೆ ಲ್ಯಾಬಿನಲ್ಲಿ ಕೂತು ದ್ವಿತೀಯ ಪಿಯು ಮಕ್ಕಳ ರೆಕಾರ್ಡ್ ಪುಸ್ತಕ ತಿದ್ದುತ್ತಿದ್ದೆ. ಮೀಟರ್ ಬ್ರಿಜ್ ಪ್ರಯೋಗದ ಒಂದು ಪುಟದಲ್ಲಿ ಕೈ ನಿಂತಿತು. ಗೊತ್ತಿಲ್ಲದ ರೋಧ X, ಅದರ ಬೆಲೆ ಐದು ಸಲವೂ 4 ಓಮ್‌ಗೆ ಅಂಟಿಕೊಂಡೇ ಬಂದಿತ್ತು. 4.00, 4.01, 4.00, 3.99, 4.00. ಆ ಸುರುಳಿಯ ನಿಜವಾದ ಬೆಲೆಯೂ ಅದೇ. ಆದರೆ ಆ ಪುಟದಲ್ಲಿ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು.

ಹುಡುಗಿಯನ್ನು ಕರೆದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಹೇಳಿದಳು: "ಮೇಡಂ, ಎಷ್ಟು ಸಲ ಮಾಡಿದರೂ ಸರಿ ಬರಲಿಲ್ಲ. R ಜಾಸ್ತಿ ಮಾಡಿದ ಹಾಗೆ X ಕಮ್ಮಿ ಆಗ್ತಾ ಹೋಗ್ತಿತ್ತು. ಅದಕ್ಕೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದೆ."

ಬೈಯಬೇಕು ಅನ್ನಿಸಿತ್ತು. ಆದರೆ ಅವಳ ಮಾತಿನ ನಡುವಿನ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು. ಕೈ ತಪ್ಪಿದರೆ ಉತ್ತರ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಒಂದೇ ದಿಕ್ಕಿಗೆ ಜಾರುತ್ತಾ ಹೋಗುವುದಿಲ್ಲ. "ಹಳೇ ಅಂಕಿ ನೆನಪಿದೆಯಾ?" ಅಂದೆ. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆವು. ಪೆನ್ಸಿಲ್ ಒತ್ತಿದ ಗೆರೆಗಳು ಕಂಡವು. ಇಬ್ಬರೂ ಸೇರಿ ಓದಿದೆವು. R 2 ಓಮ್ ಇದ್ದಾಗ 65.1 ಸೆಂಟಿಮೀಟರ್. 3 ಇದ್ದಾಗ 54.9. 4ಕ್ಕೆ 47.5. 5ಕ್ಕೆ 41.7. 6ಕ್ಕೆ 36.9.

ಈ ಪ್ರಯೋಗ ಮಾಡಿ ಬಹಳ ವರ್ಷ ಆದವರಿಗೆ ಒಮ್ಮೆ ನೆನಪಿಸುತ್ತೇನೆ. ಮರದ ಹಲಗೆಯ ಮೇಲೆ ಒಂದು ಮೀಟರ್ ಉದ್ದದ ಸಮ ದಪ್ಪದ ತಂತಿ ಎಳೆದು ಕಟ್ಟಿರುತ್ತಾರೆ. ಅದರ ಎರಡೂ ತುದಿ ದಪ್ಪ ಲೋಹದ ಪಟ್ಟಿಗೆ ಸೇರಿರುತ್ತದೆ. ಪಟ್ಟಿಗಳ ನಡುವೆ ಎರಡು ಗ್ಯಾಪ್. ಎಡದ ಗ್ಯಾಪಿಗೆ ಗೊತ್ತಿಲ್ಲದ X, ಬಲದ್ದಕ್ಕೆ ಬೇಕಾದಷ್ಟು ರೋಧ ಇಡಬಹುದಾದ ರೆಸಿಸ್ಟೆನ್ಸ್ ಬಾಕ್ಸಿನ R. ಎರಡರ ನಡುವಿನ ಪಟ್ಟಿಯಿಂದ, ಸಣ್ಣ ಕರೆಂಟನ್ನೂ ಮುಳ್ಳು ಸರಿಸಿ ತೋರಿಸುವ ಗ್ಯಾಲ್ವನೋಮೀಟರ್ ಮೂಲಕ, ಒಂದು ತಂತಿ ಜಾಕಿ ಎಂಬ ಲೋಹದ ಮೊನೆಗೆ ಬರುತ್ತದೆ. ಜಾಕಿಯನ್ನು ಉದ್ದದ ತಂತಿಯ ಮೇಲೆ ಅಲ್ಲಲ್ಲಿ ಒತ್ತುತ್ತಾ ಹೋದರೆ ಒಂದು ಜಾಗದಲ್ಲಿ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ. ಅಲ್ಲಿ ಜಾಕಿ ಮುಟ್ಟಿದ ಬಿಂದುವಿಗೂ ನಡುವಿನ ಪಟ್ಟಿಗೂ ವೋಲ್ಟೇಜು ಒಂದೇ. ಹಾಗಾಗಿ ಗ್ಯಾಲ್ವನೋಮೀಟರಿನಲ್ಲಿ ಕರೆಂಟು ಹರಿಯುವುದಿಲ್ಲ. ಎಡತುದಿಯಿಂದ ಆ ಜಾಗಕ್ಕೆ ಇರುವ ದೂರ l ಆದರೆ,

X / R = l / (100 − l)

ಇದು ತಕ್ಕಡಿಯ ಹಾಗೆಯೇ. ಮುಳ್ಳು ನಡುವೆ ನಿಲ್ಲುವುದು ಮುಖ್ಯ, ಅದು ಎಷ್ಟು ಓಲಾಡುತ್ತದೆ ಎಂಬುದಲ್ಲ. ಅದಕ್ಕೇ ಗ್ಯಾಲ್ವನೋಮೀಟರ್ ಎಷ್ಟು ಆಂಪಿಯರ್‌ಗೆ ಎಷ್ಟು ಗೆರೆ ಸರಿಯುತ್ತದೆ ಎಂದು ತಿಳಿಯಬೇಕಾಗಿಲ್ಲ. ಬ್ಯಾಟರಿಯ ವೋಲ್ಟೇಜೂ ಸೂತ್ರದಲ್ಲಿ ಇಲ್ಲ. ಈ ಜೋಡಣೆಯನ್ನು 1833ರಲ್ಲಿ ಮೊದಲು ವಿವರಿಸಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. 1843ರಲ್ಲಿ ಅದನ್ನು ಬಳಕೆಗೆ ತಂದ ವೀಟ್‌ಸ್ಟನ್ ಅವರ ಹೆಸರೇ ಉಳಿಯಿತು, ಅವರು ಕ್ರಿಸ್ಟಿಯವರ ಕೆಲಸವನ್ನು ನೆನೆದಿದ್ದರೂ. ನನಗೆ ಅದು ಇವತ್ತಿಗೂ ಬೇಸರವೇ.

ಅವಳ ಹಳೇ ಅಂಕಿಗಳನ್ನು ಸೂತ್ರಕ್ಕೆ ಹಾಕಿದೆವು. 3.73, 3.65, 3.62, 3.58, 3.51. ನಿಜ, ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು. ಒಂದೂ 4ರ ಹತ್ತಿರ ಇಲ್ಲ. ಯಾರಾದರೂ ಕಂಗಾಲಾಗುತ್ತಾರೆ, ಅಲ್ವಾ?

"ಯಾವ ಬ್ರಿಜ್‌ನಲ್ಲಿ ಮಾಡಿದ್ದು?"

"ಕಿಟಕಿ ಪಕ್ಕದ್ದು, ಮೇಡಂ."

ಅದನ್ನೇ ಎಳೆದುಕೊಂಡು ಕೂತೆವು. ಅವಳು ಎಲ್ಲ ಜೋಡಿಸಿದಳು. ಮೊದಲು ಎರಡೂ ತುದಿಯ ಹತ್ತಿರ ಜಾಕಿ ಒತ್ತಿ ನೋಡಿದಳು. ಮುಳ್ಳು ಒಂದು ಕಡೆ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ ಹೋಯಿತು. ಈ ಪರೀಕ್ಷೆ ಬಿಡಬಾರದು. ಒಂದು ಗ್ಯಾಪಿನ ಜೋಡಣೆ ಪೂರ್ತಿ ಕಡಿದಿದ್ದರೆ ಮುಳ್ಳು ಎಲ್ಲಿ ಒತ್ತಿದರೂ ಒಂದೇ ಕಡೆಗೆ ಹೋಗುತ್ತದೆ. ಗ್ಯಾಲ್ವನೋಮೀಟರಿನ ತಂತಿಯೇ ಬಿಟ್ಟಿದ್ದರೆ ಎಲ್ಲಿ ಒತ್ತಿದರೂ ಸೊನ್ನೆ! ಆ ಸೊನ್ನೆಯನ್ನು ಸಮತೋಲನ ಅಂದುಕೊಂಡು ಬರೆದುಬಿಡುವವರನ್ನು ನಾನು ನೋಡಿದ್ದೇನೆ. ಇಲ್ಲಿ ಆ ತೊಂದರೆ ಇರಲಿಲ್ಲ. ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್‌ಗಳನ್ನೂ ತಿರುಗಿಸಿ ಬಿಗಿ ಮಾಡಿದೆ. ಸಡಿಲ ಪ್ಲಗ್ ತನ್ನದೇ ಒಂದಿಷ್ಟು ರೋಧ ಸೇರಿಸುತ್ತದೆ. R ಅನ್ನು 4 ಓಮ್‌ಗೆ ಇಟ್ಟೆವು. ಮುಳ್ಳು ಸೊನ್ನೆಗೆ ಬಂದಿದ್ದು 47.5ರಲ್ಲೇ. ಹುಡುಗಿಯ ಕೈ ತಪ್ಪಿರಲಿಲ್ಲ.

ಅಷ್ಟರಲ್ಲಿ ಕರೆಂಟು ಡಿಮ್ ಆಯಿತು. ಬ್ಯಾಟರಿಯ ಬದಲು ನಾವು ಬಳಸುವ ಎಲಿಮಿನೇಟರ್ ಕೊಡುವ ವೋಲ್ಟೇಜು ಇಳಿದಿತ್ತು. "ಇದರಿಂದಲೇ ಇರಬಹುದಾ ಮೇಡಂ?" ಅಂದಳು. ಮತ್ತೆ ಒತ್ತಿ ನೋಡು ಅಂದೆ. ಅಕ್ಕಪಕ್ಕದಲ್ಲಿ ಮುಳ್ಳಿನ ಓಲಾಟ ಕಡಿಮೆಯಾಗಿತ್ತು, ಆದರೆ ಸೊನ್ನೆ ಸಿಕ್ಕಿದ್ದು 47.5ರಲ್ಲೇ. ವೋಲ್ಟೇಜು ಇಳಿದರೆ ಸೊನ್ನೆಯನ್ನು ಹುಡುಕುವುದು ಕಷ್ಟವಾಗುತ್ತದೆ, ಅದರ ಜಾಗ ಬದಲಾಗುವುದಿಲ್ಲ.

ಆಮೇಲೆ ಎರಡು ಗ್ಯಾಪ್‌ಗಳನ್ನು ಅದಲುಬದಲು ಮಾಡಿಸಿದೆ. X ಬಲಕ್ಕೆ, R ಎಡಕ್ಕೆ. ಬ್ರಿಜ್ ಸರಿ ಇದ್ದಿದ್ದರೆ ಸೊನ್ನೆಯ ಜಾಗ 47.5ರಿಂದ 52.5ಕ್ಕೆ ಹೋಗಬೇಕಿತ್ತು. ಅವಳು ಜಾಕಿ ಹಿಡಿದು 52ರ ಸುತ್ತ ಹುಡುಕಿದಳು. ಸಿಗಲಿಲ್ಲ. ನಿಧಾನವಾಗಿ ಎಡಕ್ಕೆ ಬಂದಳು. ಮತ್ತೆ 47.5ಕ್ಕೇ ಬಂದು ನಿಂತಳು.

"ಜಾಗ ಬದಲಾಗಲೇ ಇಲ್ಲ ಮೇಡಂ!"

ಸೂತ್ರಕ್ಕೆ ಹಾಕಿದರೆ ಈಗ X 4.42 ಬರುತ್ತದೆ. ಮೊದಲು 3.62. ಒಂದೇ ಸುರುಳಿ, ಎರಡು ಬೆಲೆ. ನಾನು ಅವಳಿಗೆ ಅಂಗಡಿಯ ತಕ್ಕಡಿ ನೆನಪಿಸಿದೆ. ಕೋಲಿನ ಒಂದು ತೋಳು ಉದ್ದ ಇದ್ದರೂ ಮುಳ್ಳು ನಡುವೆ ನಿಲ್ಲಬಹುದು, ತೂಕ ಮಾತ್ರ ತಪ್ಪು. ಅನುಮಾನ ಬಂದರೆ ಏನು ಮಾಡುತ್ತೇವೆ? ಸಾಮಾನನ್ನು ತೂಕದ ಬಟ್ಟಿನ ತಟ್ಟೆಗೂ ಬಟ್ಟನ್ನು ಸಾಮಾನಿನ ತಟ್ಟೆಗೂ ಹಾಕಿ ನೋಡುತ್ತೇವೆ. ಹಾಗೆ ಬದಲಿಸಿದ ಮೇಲೂ ಮುಳ್ಳು ಮೊದಲಿನ ಜಾಗದಲ್ಲೇ ನಿಂತರೆ? ತಕ್ಕಡಿ ಎಷ್ಟೇ ಸೊಟ್ಟ ಇರಲಿ, ಎರಡೂ ತೂಕ ಸಮ.

ಅವಳು ಅದನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ನೋಡಿದಳು. ತಂತಿಯ ಎಡ ಭಾಗದ ನಿಜವಾದ ರೋಧ P, ಬಲ ಭಾಗದ್ದು Q. ಎಷ್ಟು ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮೊದಲು X / R = P / Q. ಬದಲಿಸಿದ ಮೇಲೆ R / X = P / Q. ಎರಡೂ ನಿಜ ಆಗಬೇಕಾದರೆ X ಮತ್ತು R ಒಂದೇ ಆಗಿರಬೇಕು. ಹಾಗಾದರೆ P, Q ಕೂಡ ಒಂದೇ. ಕೆಟ್ಟ ಬ್ರಿಜ್ ಮೇಲೇ X 4 ಓಮ್ ಎಂದು ಸಾಬೀತಾಗಿತ್ತು. ಸ್ಕೇಲಿನ ಅಂಕಿಯೇ ಬೇಕಾಗಿರಲಿಲ್ಲ. ಇಷ್ಟು ವರ್ಷ ಇದನ್ನು ಕಲಿಸಿ ನಾನೂ ಅವತ್ತೇ ಅದನ್ನು ಕಣ್ಣಾರೆ ನೋಡಿದ್ದು.

ಈಗ ಉಳಿದಿದ್ದು ಸೊಟ್ಟ ಎಲ್ಲಿದೆ ಎನ್ನುವುದು. ಎಡಕ್ಕೆ 47.5, ಬಲಕ್ಕೆ 52.5 ಸೆಂಟಿಮೀಟರ್ ತಂತಿ ಇದೆ, ಆದರೂ ರೋಧ ಸಮ. ಅಂದರೆ ಎಡಗಡೆ ಕಣ್ಣಿಗೆ ಕಾಣದ 5 ಸೆಂಟಿಮೀಟರ್ ತಂತಿಯಷ್ಟು ರೋಧ ಎಲ್ಲೋ ಸೇರಿಕೊಂಡಿದೆ. ನಮ್ಮ ತಂತಿಯ ಪೂರ್ತಿ ರೋಧ ಸುಮಾರು 2 ಓಮ್. ಸೆಂಟಿಮೀಟರಿಗೆ 0.02 ಓಮ್. ಹಾಗಾದರೆ ಸೇರಿಕೊಂಡಿರುವುದು ಬರೀ 0.1 ಓಮ್. ದೊಡ್ಡ ರೋಧಗಳ ಸರ್ಕ್ಯೂಟಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಇಲ್ಲಿ ಇಡೀ ಪುಟವನ್ನು ಕೆಡಿಸಿತ್ತು.

ಎಡತುದಿಯಲ್ಲಿ ತಂತಿಯನ್ನು ಪಟ್ಟಿಗೆ ಹಿಡಿದಿದ್ದ ಸ್ಕ್ರೂ ನೋಡಿದೆವು. ಅದರ ಅಡಿ ಹಸಿರಾಗಿತ್ತು. ಕಿಲುಬು! ಮಳೆಗಾಲದಲ್ಲಿ ಆ ಕಿಟಕಿಯಿಂದ ಎರಚಲು ಬರುತ್ತದೆ. ಮೇಲೆ ಬಟ್ಟೆ ಹೊದಿಸಿದರೂ ಥಂಡಿ ಬಿಡುವುದಿಲ್ಲ. ಬೆರಳಿನಿಂದ ಸ್ಕ್ರೂ ಸ್ವಲ್ಪ ಅಲ್ಲಾಡಿಸಿ ಅವಳಿಗೆ ಮತ್ತೆ ಜಾಕಿ ಒತ್ತಲು ಹೇಳಿದೆ. ಸೊನ್ನೆ ಒಂದು ಸೆಂಟಿಮೀಟರಿನಷ್ಟು ಸರಿಯಿತು. ಇನ್ನೇನೂ ಹುಡುಕಬೇಕಾಗಿರಲಿಲ್ಲ.

ಸ್ಕ್ರೂ ಬಿಚ್ಚುವ ಮೊದಲು ಅವಳಿಗೆ ಒಂದು ಕೆಲಸ ಕೊಟ್ಟೆ. "ನಿನ್ನ ಹಳೇ ರೀಡಿಂಗ್‌ಗಳಲ್ಲಿ ಎಡಗಡೆ ಉದ್ದಕ್ಕೆ 5 ಕೂಡಿಸು. ಬಲದ್ದು ಹಾಗೇ ಇರಲಿ." ಮೊದಲನೆಯದು: 65.1ರ ಬದಲು 70.1, ಬಲಕ್ಕೆ 34.9. ಭಾಗಿಸಿ ಎರಡರಿಂದ ಗುಣಿಸಿದರೆ 4.02. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಮುಂದಿನದನ್ನು ಬೇಗ ಬೇಗ ಮಾಡಿದಳು. 3.98. 4.00. 4.01. 3.98. ಮೆಟ್ಟಿಲು ಮಾಯವಾಗಿತ್ತು. R ಜಾಸ್ತಿ ಆದಂತೆ ಸೊನ್ನೆಯ ಜಾಗ ಎಡಕ್ಕೆ ಸರಿಯುತ್ತದೆ, ಎಡ ಭಾಗದ ತಂತಿ ಮೋಟಾಗುತ್ತದೆ, ಬಿಟ್ಟುಹೋದ 5 ಸೆಂಟಿಮೀಟರ್ ಅದರಲ್ಲಿ ದೊಡ್ಡ ಪಾಲಾಗುತ್ತದೆ. X ಇಳಿಯುತ್ತಾ ಹೋಗಿದ್ದು ಅದಕ್ಕೇ.

"ನಾನು ಅಳಿಸಿದ್ದೇ ಸರಿ ಇತ್ತಲ್ಲ ಮೇಡಂ" ಅಂದಳು. ದನಿ ಸಣ್ಣಗಿತ್ತು.

ನನಗೂ ಒಂದು ವಿಷಯ ಚುಚ್ಚುತ್ತಿತ್ತು. ಗ್ಯಾಪ್ ಬದಲಿಸಿ ಎರಡರ ಸರಾಸರಿ ತೆಗೆದರೆ ತುದಿಯ ದೋಷ ಹೋಗುತ್ತದೆ ಎಂದು ತರಗತಿಯಲ್ಲಿ ನಾನೇ ಬರೆಸುತ್ತಿದ್ದೆ. ಸೊನ್ನೆ ನಡುವಿನ ಹತ್ತಿರ ಇದ್ದಾಗ ಅದು ಹೆಚ್ಚುಕಡಿಮೆ ನಿಜ. 3.62 ಮತ್ತು 4.42ರ ಸರಾಸರಿ 4.02. ಆದರೆ R ಅನ್ನು 2 ಓಮ್‌ಗೆ ಇಟ್ಟು ಬದಲಿಸಿ ನೋಡಿದಾಗ ಸೊನ್ನೆ 30.0ಕ್ಕೆ ಬಂತು, X 4.67 ಆಯಿತು. ಮೊದಲಿನ 3.73ರ ಜೊತೆ ಸರಾಸರಿ 4.20. ದೋಷ ಪೂರ್ತಿ ಹೋಗಲಿಲ್ಲ. ಅದೂ ಒಂದೇ ತುದಿ ಕೆಟ್ಟಿದ್ದಾಗ. ಆ ಸಾಲನ್ನು ಮರುದಿನ ತರಗತಿಯಲ್ಲಿ ತಿದ್ದಿಸಿದೆ.

5 ಕೂಡಿಸಿದ್ದು ಹಳೇ ಅಂಕಿಗಳನ್ನು ಉಳಿಸಿಕೊಳ್ಳಲು ಮಾತ್ರ. ಅಲ್ಲಾಡಿದರೆ ಬದಲಾಗುವ ರೋಧವನ್ನು ನಾಳೆಗೂ ನಂಬುವ ಹಾಗಿಲ್ಲ. ಅಟೆಂಡರ್ ಅಣ್ಣ ಸ್ಕ್ರೂ ಬಿಚ್ಚಿದರು. ಮನೆಯಲ್ಲಿ ಕಿಲುಬಿಗೆ ಹುಣಸೆಹಣ್ಣು ಹಾಕುವ ಹಾಗೆ ಇಲ್ಲಿ ಹಾಕಬಾರದು. ಹುಳಿ ಒಳಗೆ ಉಳಿದರೆ ಲೋಹವನ್ನು ಮತ್ತೆ ತಿನ್ನುತ್ತದೆ. ನಯವಾದ ಸ್ಯಾಂಡ್ ಪೇಪರಿನಿಂದ ಪಟ್ಟಿಯನ್ನೂ ತಂತಿಯ ತುದಿಯನ್ನೂ ಹೊಳೆಯುವವರೆಗೆ ಉಜ್ಜಿದರು. ಒಣ ಬಟ್ಟೆಯಲ್ಲಿ ಒರೆಸಿ ಬಿಗಿ ಮಾಡಿದರು. ಹುಡುಗಿ ಮತ್ತೆ ಜೋಡಿಸಿದಳು. X ಎಡಕ್ಕೆ, 4 ಓಮ್ ಬಲಕ್ಕೆ. ಜಾಕಿ ಒತ್ತಿದಳು. 49.9.

ಅವಳು ರೆಕಾರ್ಡಿನ ಆ ಪುಟ ಹರಿಯಲು ಹೊರಟಿದ್ದಳು. ಬೇಡ ಅಂದೆ. ಪಕ್ಕದ ಖಾಲಿ ಪುಟದಲ್ಲಿ ಹಳೇ ಐದು ಅಂಕಿಗಳನ್ನು ಪೆನ್ನಿನಲ್ಲಿ ಬರೆದಳು. ಕೆಳಗೆ ಹೊಸ ಐದು. ನಡುವೆ ಒಂದು ಸಾಲು: ಎಡತುದಿಯ ಸ್ಕ್ರೂ ಅಡಿ ಕಿಲುಬು, ಸುಮಾರು 0.1 ಓಮ್. ನಾನು ಎರಡೂ ಪುಟಕ್ಕೆ ಸಹಿ ಹಾಕಿದೆ.

ಸಂಜೆ ಉಳಿದ ನಾಲ್ಕು ಬ್ರಿಜ್‌ಗಳನ್ನೂ ನೋಡಿದೆವು. ಎರಡು ಬಾಕ್ಸ್ ತಂದು ಎರಡೂ ಗ್ಯಾಪಿಗೆ 4 ಓಮ್ ಹಾಕಿ, ಸೊನ್ನೆ 50ರಲ್ಲಿ ನಿಲ್ಲುತ್ತದಾ ಎಂದು ಪರೀಕ್ಷೆ. ಮೂರು ಸರಿ ಇದ್ದವು. ಒಂದರಲ್ಲಿ 50.6 ಬಂತು. ಬಾಕ್ಸ್‌ಗಳನ್ನು ಬದಲಿಸಿದರೂ 50.6. ಈ ಸಲ ಬಲತುದಿ. ಹುಡುಗಿ ನನಗಿಂತ ಮೊದಲೇ ಸ್ಕ್ರೂ ಡ್ರೈವರ್ ತರಲು ಹೋಗಿದ್ದಳು.