ಮೂರು ವರ್ಷ, ಎಂಟು ತಿಂಗಳು

ಇವತ್ತು ಒಬ್ಬ ಹುಡುಗನ ಇಂಟರ್‌ವ್ಯೂ ಮಾಡಿದೆ. ರೆಸ್ಯೂಮೆಯಲ್ಲಿ "ಡೇಟಾಬೇಸ್ ಕೆಲಸ, 3 ವರ್ಷ" ಅಂತಿತ್ತು. ಏನು ಕೇಳಿದರೂ "ನಾವು ಮಾಡಿದೆವು, ನಾವು ಬದಲಾಯಿಸಿದೆವು".

"ಅದರಲ್ಲಿ ನೀವೇ ಬರೆದದ್ದು ಯಾವುದು? ಕೆಟ್ಟಾಗ ಮೊದಲು ಎಲ್ಲಿ ನೋಡಿದಿರಿ?" ಅಂದೆ.

ಸುಮ್ಮನಾದ. ಕೊನೆಗೆ ಹೇಳಿದ: ಟೀಮಿನಲ್ಲಿದ್ದದ್ದು 3 ವರ್ಷ, ಡೇಟಾಬೇಸ್ ಮುಟ್ಟಿದ್ದು 8 ತಿಂಗಳು.

ಪಾಪ ಅನ್ನಿಸಿತು. 2 ವರ್ಷದ ಅನುಭವ ಕಡ್ಡಾಯ ಅಂತ ಹಾಕಿದ್ದು ನಾವೇ ಅಲ್ವಾ. ಅಷ್ಟೇನೂ ಬೇಕಿಲ್ಲದ ಕೆಲಸಕ್ಕೆ!

ಆಮೇಲೆ ಸುಮ್ನೆ ತಿರಸ್ಕರಿಸಿದ ಅರ್ಜಿಗಳನ್ನು ತೆಗೆದು ನೋಡಿದೆ. ಒಬ್ಬಳು "10 ತಿಂಗಳು" ಅಂತ ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದಳು. ಮೊದಲ ಜರಡಿಯಲ್ಲೇ ಹೊರಗೆ. ಇವನಿಗಿಂತ 2 ತಿಂಗಳು ಜಾಸ್ತಿಯೇ ಕೆಲಸ ಮಾಡಿದವಳು. ಅವಳನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ನಾಳೆ ಅವಳಿಗೆ ಫೋನ್ ಮಾಡಬೇಕು.