ಹಪ್ಪಳಕ್ಕಿಂತ ಡಬ್ಬ ಭಾರ

"ಮೇಡಂ, 160 ರೂಪಾಯಿ ಹಪ್ಪಳಕ್ಕೆ 80 ರೂಪಾಯಿ ಕೊರಿಯರ್ ಚಾರ್ಜಾ? ಬೇರೆಯವರೆಲ್ಲ ಫ್ರೀ ಕೊಡ್ತಾರಲ್ಲ?"

ಫ್ರೀ ಯಾರೂ ಕೊಡುವುದಿಲ್ಲ. ಕೊರಿಯರಿನವರು ನನ್ನ ಮಾವನ ಮಕ್ಕಳಲ್ಲ, ಆ ಬೇರೆಯವರ ಮಾವನ ಮಕ್ಕಳೂ ಅಲ್ಲ. ಫ್ರೀ ಅನ್ನುವವರು ಅದೇ ಹಪ್ಪಳಕ್ಕೆ 240 ರೂಪಾಯಿ ಹಾಕಿರುತ್ತಾರೆ, ಹೋಗಿ ನೋಡಿ. ನಾನೂ ಹಾಗೆ ಮಾಡಬಹುದು. ಆದರೆ ಆಗ ನಾಲ್ಕು ಕಟ್ಟು ತೆಗೆದುಕೊಳ್ಳುವವರು ಕೊರಿಯರ್ ದುಡ್ಡನ್ನು ನಾಲ್ಕು ಸಲ ಕೊಟ್ಟ ಹಾಗಾಗುತ್ತದೆ. ಅದಕ್ಕೇ ಬೇರೆಯಾಗಿ ತೋರಿಸುತ್ತೇನೆ. ತೋರಿಸಿದ್ದೇ ತಪ್ಪಾಯಿತು.

ನಮ್ಮದು ಶಿರಸಿ ಹತ್ತಿರದ ಮನೆ. ಹಲಸಿನ ಹಪ್ಪಳ ಮಾಡುತ್ತೇವೆ, ಒಂದು ಸಣ್ಣ ವೆಬ್‌ಸೈಟಿನಲ್ಲಿ ಮಾರುತ್ತೇವೆ. 25 ಹಪ್ಪಳದ ಕಟ್ಟು, ತೂಕ 280 ಗ್ರಾಂ. ಶುರು ಮಾಡಿದಾಗ ನನಗೂ ಕೊರಿಯರ್ ಅಂದರೆ ತೂಕ ಅಂತಲೇ ಗೊತ್ತಿದ್ದದ್ದು. ಅರ್ಧ ಕಿಲೋ ಒಳಗೆ ಇದೆಯಲ್ಲ, ಅರ್ಧ ಕಿಲೋ ದರ ಬೀಳುತ್ತದೆ ಅಂದುಕೊಂಡೆ. ಪೇಟೆಯಲ್ಲಿ ಸಿಕ್ಕ ರಟ್ಟಿನ ಡಬ್ಬ ತಂದೆ. ಹಪ್ಪಳ ಒಡೆಯಬಾರದು ಅಂತ ಸುತ್ತ ಹಳೇ ಪೇಪರ್ ತುರುಕಿದೆ. ಪುಣೆಯ ಒಬ್ಬರಿಗೆ ಮೊದಲ ಪಾರ್ಸೆಲ್ ಕಳಿಸಿದೆ.

ಹತ್ತು ದಿನ ಬಿಟ್ಟು ನೋಡಿದರೆ ನನ್ನ ಕೊರಿಯರ್ ಖಾತೆಯಲ್ಲಿ ಇಟ್ಟಿದ್ದ ದುಡ್ಡು ಕಡಿಮೆಯಾಗಿತ್ತು. 77 ರೂಪಾಯಿ ಹೋಗಬೇಕಾದಲ್ಲಿ ಒಟ್ಟು 183 ಹೋಗಿತ್ತು. ಹಪ್ಪಳದ ಬೆಲೆಯೇ 160! ಫೋನ್ ಮಾಡಿ ಜಗಳ ಆಡಿದೆ. "ನಮ್ಮನೆ ತಕ್ಕಡಿಯಲ್ಲಿ ತೂಗಿದ್ದೇನೆ ರೀ, ಅರ್ಧ ಕಿಲೋನೂ ಇಲ್ಲ" ಅಂದೆ. ಅವರು ಮಾತಾಡಲಿಲ್ಲ, ಒಂದು ಫೋಟೋ ಕಳಿಸಿದರು. ನನ್ನದೇ ಡಬ್ಬ, ಅದರ ಪಕ್ಕ ಅಳತೆ ಟೇಪು.

ವಿಷಯ ಏನೆಂದರೆ ಕೊರಿಯರಿನವರು ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ಡಬ್ಬ ಲಾರಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಅನ್ನುವುದರ ತೂಕ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಕೆಲವರು ಇನ್ನೂ ಚಿಕ್ಕ ಸಂಖ್ಯೆಯಿಂದ ಭಾಗಿಸುತ್ತಾರೆ, ಆಗ ತೂಕ ಇನ್ನೂ ಏರುತ್ತದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಅದೂ ಅರ್ಧ ಕಿಲೋ ಮೆಟ್ಟಿಲಿನಲ್ಲಿ. ನನ್ನ ಮೊದಲ ಡಬ್ಬ ಮೇಲೆ, ಈಗಿನದು ಕೆಳಗೆ:

```
25 × 20 × 15 ÷ 5000 = 1.5 ಕಿಲೋ
17 × 17 × 8  ÷ 5000 = 0.46 ಕಿಲೋ
```

ಅಂದರೆ ನಾನು ಪುಣೆಗೆ ಕಳಿಸಿದ್ದು 280 ಗ್ರಾಂ ಹಪ್ಪಳ ಮತ್ತು ಒಂದು ಕಿಲೋಗಿಂತ ಜಾಸ್ತಿ ಗಾಳಿ. ಕರ್ನಾಟಕದಿಂದ ಹೊರಗೆ ಮೊದಲ ಅರ್ಧ ಕಿಲೋಗೆ ನನಗೆ ಸಿಕ್ಕ ದರ 65, ಆಮೇಲಿನ ಪ್ರತಿ ಅರ್ಧ ಕಿಲೋಗೆ 45. ಮೂರು ಮೆಟ್ಟಿಲಿಗೆ 155. ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಲೆಕ್ಕ ಸರಿಯಾಗಿಯೇ ಇತ್ತು. ಜಗಳ ಆಡಿದ್ದಕ್ಕೆ ನಾಚಿಕೆಯಾಯಿತು, ಆದರೆ ಹೇಳಲಿಲ್ಲ.

ಹಪ್ಪಳ ಲಟ್ಟಿಸುವುದು ಅತ್ತೆ. "ಇನ್ನು ಮೇಲೆ 16 ಸೆಂಟಿಮೀಟರಿಗಿಂತ ದೊಡ್ಡದು ಬೇಡ ಅತ್ತೆ" ಅಂದೆ. ಐವತ್ತು ವರ್ಷದಿಂದ ಕೈ ಅಳತೆಯಲ್ಲಿ ಮಾಡಿದವರು. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರೇ ಒಂದು ಸ್ಟೀಲ್ ಡಬ್ಬದ ಮುಚ್ಚಳ ಹುಡುಕಿ ಇಟ್ಟುಕೊಂಡರು. ಈಗ 17 ಸೆಂಟಿಮೀಟರಿನ ಡಬ್ಬ ಮಾಡಿಸಿದ್ದೇನೆ. ಪೇಪರ್ ತುರುಕುವುದಿಲ್ಲ. ಡಬ್ಬ ಹಪ್ಪಳಕ್ಕೆ ಒತ್ತಿ ಕೂತರೆ ಅದು ಅಲುಗುವುದೂ ಇಲ್ಲ, ಒಡೆಯುವುದೂ ಕಡಿಮೆ. ಪ್ರತಿ ಪಾರ್ಸೆಲನ್ನೂ ಟೇಪು, ತಕ್ಕಡಿ ಎರಡೂ ಕಾಣುವ ಹಾಗೆ ಫೋಟೋ ತೆಗೆದು ಇಡುತ್ತೇನೆ. ಈಗ ಜಾಸ್ತಿ ದುಡ್ಡು ಕಿತ್ತುಕೊಂಡರೆ ಫೋಟೋ ಕಳಿಸುವ ಸರದಿ ನನ್ನದು.

ಇನ್ನು "ಎಲ್ಲ ಊರಿಗೂ ಒಂದೇ ರೇಟ್ ಇಡಿ" ಅನ್ನುವವರು. ಇಟ್ಟು ನೋಡಿದ್ದೇನೆ. ನನ್ನ ಹತ್ತು ಆರ್ಡರಿನಲ್ಲಿ ಆರು ಕರ್ನಾಟಕದ್ದು, ಮೂರು ಮುಂಬೈ, ಪುಣೆ, ದೆಹಲಿ ಕಡೆಯದು, ಒಂದು ಅಸ್ಸಾಮಿನಂಥ ದೂರದ್ದು. ನನಗೆ ಬೀಳುವುದು ಕ್ರಮವಾಗಿ 53, 77, 100 ರೂಪಾಯಿ. ಸರಾಸರಿ 65. ಎಲ್ಲರಿಗೂ 65 ಇಟ್ಟರೆ ಲೆಕ್ಕ ಸರಿಹೋಗುತ್ತದೆ, ಆದರೆ ಗುವಾಹಟಿಯವರ ದುಡ್ಡನ್ನು ಹುಬ್ಬಳ್ಳಿಯವರು ಕಟ್ಟುತ್ತಾರೆ. ಹುಬ್ಬಳ್ಳಿಯವರು ಯಾಕೆ ಕಟ್ಟುತ್ತಾರೆ? ಬಸ್ ಹತ್ತಿ ಬಂದು ತಗೊಂಡು ಹೋಗುತ್ತಾರೆ. ಅದಕ್ಕೇ ಈಗ 55, 80, 105 ಅಂತ ಮೂರು ಮಾಡಿದ್ದೇನೆ. ಡಬ್ಬದ ದುಡ್ಡು ನನ್ನದೇ.

ಇದನ್ನು ನಮ್ಮ ವೆಬ್‌ಸೈಟಿನ ಅಂಗಡಿ ನಡೆಸುವ ವೂಕಾಮರ್ಸ್ ತಂತ್ರಾಂಶದಲ್ಲಿ ಪಿನ್‌ಕೋಡಿನ ಮೇಲೆ ಹಾಕಿದ್ದೇನೆ. ನಕ್ಷತ್ರ ಹಾಕಿದರೆ ಅದರ ಜಾಗದಲ್ಲಿ ಯಾವ ಅಂಕಿ ಇದ್ದರೂ ಸರಿ. ಕರ್ನಾಟಕಕ್ಕೆ ನಾಲ್ಕು ಸಾಲು ಸಾಕು:

```
56*
57*
58*
59*
```

ಈಶಾನ್ಯಕ್ಕೆ `78*`, `79*`, `737*`, ಜಮ್ಮು ಕಾಶ್ಮೀರಕ್ಕೆ `18*`, `19*`. ಉಳಿದದ್ದೆಲ್ಲ ಇಡೀ ಭಾರತ. ಇಲ್ಲಿ ನಾನು ಮಾಡಿದ ಪೆದ್ದುತನ ಕೇಳಿ. ಪಟ್ಟಿಯನ್ನು ಅದು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲು ಹೊಂದಿದ್ದು ಸಿಕ್ಕಿತೋ, ಅಲ್ಲೇ ನಿಲ್ಲುತ್ತದೆ. ನಾನು ಇಡೀ ಭಾರತವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಕರ್ನಾಟಕ ಭಾರತದಲ್ಲೇ ಇದೆ, ಅಲ್ವಾ? ಎರಡು ವಾರ ಎಲ್ಲರಿಗೂ 80 ಬಿತ್ತು. ಗೊತ್ತಾದದ್ದು ಹೇಗೆ ಅಂದರೆ, ಸಿದ್ದಾಪುರದ ನಮ್ಮ ದೊಡ್ಡಮ್ಮ ಫೋನ್ ಮಾಡಿ "ಏನೇ ತಂಗಿ, ನಮ್ಮನೆಗೂ 80 ರೂಪಾಯಾ, ನಾ ಏನು ದಿಲ್ಲಿಲಿ ಇದ್ನಾ?" ಅಂದರು. ಚಿಕ್ಕ ಪ್ರದೇಶ ಮೇಲೆ, ದೊಡ್ಡದು ಕೆಳಗೆ. ಹಾಕಿದ ಮೇಲೆ ಪ್ರತಿ ಪ್ರದೇಶದ ಒಂದು ಪಿನ್‌ಕೋಡ್ ಹಾಕಿ ನೋಡಿ.

ಖಾಸಗಿ ಕೊರಿಯರ್ ಹೋಗದ ಹಳ್ಳಿ ಪಿನ್‌ಕೋಡ್ ಬಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಅದು ಸುಲಭದ ಪ್ರಶ್ನೆ.

ಪಾರ್ಸೆಲ್ ಬಂದ ಮೇಲೆ ದುಡ್ಡು ಕೊಡುವ ವ್ಯವಸ್ಥೆ ಇಲ್ಲ. ಕೇಳಬೇಡಿ. ಇತ್ತು. ಒಬ್ಬರು ಆರ್ಡರ್ ಮಾಡಿ ಫೋನ್ ಸ್ವಿಚ್ ಆಫ್ ಮಾಡಿಕೊಂಡರು. ಹೋಗುವಾಗ 77, ವಾಪಸ್ ಬರುವಾಗ 77. ಇಪ್ಪತ್ತು ದಿನ ದೇಶ ಸುತ್ತಿ ಬಂದ ಹಪ್ಪಳ ಚೂರುಚೂರು. ನಮ್ಮ ಮನೆಯವರು ಅದನ್ನೇ ಕರಿದುಕೊಂಡು ತಿಂದು "ರುಚಿ ಹಾಗೇ ಇದೆ" ಅಂದರು.

ಫ್ರೀ ಇದೆಯಾ ಅಂತ ಕೇಳುವವರು ಬೇರೆ ಒಂದು ಪ್ರಶ್ನೆ ಕೇಳಿದ್ದರೆ ನಾನು ಖುಷಿಯಿಂದ ಅರ್ಧ ಗಂಟೆ ಮಾತಾಡುತ್ತಿದ್ದೆ: ಅದೇ ಡಬ್ಬದಲ್ಲಿ ಇನ್ನೇನು ಹಿಡಿಯುತ್ತದೆ?

ಡಬ್ಬ ಚೌಕ, ಹಪ್ಪಳ ದುಂಡಗೆ. ನಾಲ್ಕು ಮೂಲೆ ಖಾಲಿ. ಹಪ್ಪಳ 280, ಡಬ್ಬ ಸುಮಾರು 90, ಒಟ್ಟು 370 ಗ್ರಾಂ. ಅರ್ಧ ಕಿಲೋ ಮೆಟ್ಟಿಲಿಗೆ ಇನ್ನೂ 130 ಗ್ರಾಂ ಬಾಕಿ. 50 ಗ್ರಾಮಿನ ಎರಡು ಚಟ್ನಿಪುಡಿ ಪೊಟ್ಟಣ ಎದುರುಬದುರು ಮೂಲೆಯಲ್ಲಿ ಕೂರುತ್ತವೆ. ಒಟ್ಟು 470. ನಾನು 480ರ ಮೇಲೆ ಹೋಗುವುದಿಲ್ಲ, ಅವರ ತಕ್ಕಡಿಗೂ ನಮ್ಮ ತಕ್ಕಡಿಗೂ ಹತ್ತಿಪ್ಪತ್ತು ಗ್ರಾಂ ಜಗಳ ಇದ್ದೇ ಇರುತ್ತದೆ. ಆ ಚಟ್ನಿಪುಡಿಗೆ ಕೊರಿಯರ್ ಒಂದು ಪೈಸೆ ಇಲ್ಲ. ಎರಡನೇ ಹಪ್ಪಳದ ಕಟ್ಟು ಹಾಕಿದರೆ ಮಾತ್ರ ಮುಂದಿನ ಮೆಟ್ಟಿಲು.

ಮೊನ್ನೆ ಪುಣೆಯ ಅದೇ ಗಿರಾಕಿ ಫೋನ್ ಮಾಡಿದ್ದರು. ಕೊರಿಯರ್ ಜಾಸ್ತಿಯಾಯಿತು ಅಂತ ಶುರು ಮಾಡಿದರು. ಮೂಲೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇನ್ನೆರಡು ಮೂಲೆ?" ಅಂದರು.