ಮೂವತ್ತೊಂದನೇ ದಿನದ ಇಪ್ಪತ್ತು ರೂಪಾಯಿ

ಶಿರಸಿಯಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಕರೆಂಟು ಹೋಗಿ ಬಂದು ಮಾಡುತ್ತಿದೆ. ಅಡಿಕೆ ವಖಾರಿಯೊಂದರ ಬಾಡಿಗೆ ಲೆಕ್ಕ ಹಾಕುವ ಕೋಡ್‌ಗೆ ಯೂನಿಟ್ ಟೆಸ್ಟ್, ಅಂದರೆ ಆ ಲೆಕ್ಕವೊಂದನ್ನೇ ಪರೀಕ್ಷಿಸುವ ಸಣ್ಣ ಕೋಡ್, ಬರೆಯುತ್ತ ಕೂತಿದ್ದೇನೆ.

ನಿಯಮ ಸರಳ. ಮಾಲು ಬಂದ ದಿನವೂ ಸೇರಿ 30 ದಿನ ಉಚಿತ. ಆಮೇಲೆ ಕ್ವಿಂಟಲ್‌ಗೆ ದಿನಕ್ಕೆ 2 ರೂಪಾಯಿ. ನಿಜವಾದ ಡೇಟಾಬೇಸ್ ಬದಲು ಒಂದು ಫೇಕ್ ಇಟ್ಟೆ. ಅದು ಕೇಳಿದಾಗಲೆಲ್ಲ ಒಂದೇ ದಾಖಲೆ ಕೊಡುತ್ತದೆ: 10 ಕ್ವಿಂಟಲ್, ಜೂನ್ 1. 'ಇವತ್ತು' ಯಾವ ದಿನ ಅನ್ನುವುದನ್ನೂ ಟೆಸ್ಟೇ ಹೇಳುತ್ತದೆ. ಇಲ್ಲದಿದ್ದರೆ ಇವತ್ತು ಪಾಸಾದ ಟೆಸ್ಟ್ ಮುಂದಿನ ತಿಂಗಳು ಫೇಲಾಗುತ್ತದೆ, ಅಲ್ವಾ?

ಜೂನ್ 30ಕ್ಕೆ ಸೊನ್ನೆ ಬಂತು, ಸರಿ. ಜುಲೈ 1ಕ್ಕೆ 20 ರೂಪಾಯಿ ಬರಬೇಕಿತ್ತು, ಆದರೆ ಅಲ್ಲೂ ಸೊನ್ನೆ! ತಾರೀಖು ಕಳೆದರೆ 30 ಸಿಗುತ್ತದೆ. ಬಂದ ದಿನವನ್ನು ಸೇರಿಸಲು ಒಂದು ಕೂಡಬೇಕು, ಅದನ್ನೇ ಬಿಟ್ಟಿದ್ದೆ. ಜುಲೈ 20ಕ್ಕೆ ಮಾತ್ರ ನೋಡಿದ್ದರೆ 20 ರೂಪಾಯಿ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲವೇನೋ.

ಆದರೆ ಫೇಕ್ ನಾನು ಕೊಟ್ಟ ತಾರೀಖನ್ನೇ ವಾಪಸ್ ಕೊಡುತ್ತದೆ. ನಿಜವಾದ ಡೇಟಾಬೇಸ್ ಸಮಯವನ್ನು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ UTCಯಲ್ಲಿ ಇಟ್ಟರೆ, ಬೆಳಗಿನ ಜಾವ ನಾಲ್ಕಕ್ಕೆ ಬಂದ ಲಾರಿ ಹಿಂದಿನ ದಿನಕ್ಕೆ ಸೇರಿಬಿಡುತ್ತದೆ. ಅದಕ್ಕೆ ನಿಜವಾದ ಡೇಟಾಬೇಸ್ ಜೊತೆಗೇ ಬೇರೆ ಟೆಸ್ಟ್ ಬೇಕು. ಕರೆಂಟು ಹೋಗದೆ ಇದ್ದರೆ ಇವತ್ತೇ ಬರೆಯುತ್ತೇನೆ.